ಆನ್‌ಲೈನ್‌ನಲ್ಲಿ ಕೊಂಡ ಸನ್‌ಸ್ಕ್ರೀನ್ ಅಸಲಿಯೇ? ಬೆಲೆ, ಮಾರಾಟಗಾರ, ಪೊಟ್ಟಣ ಮತ್ತು ಬ್ಯಾಚ್ ಸಂಖ್ಯೆ ಹೇಳುವ ಸಂಗತಿ

ಹಬ್ಬದ ರಿಯಾಯಿತಿ ಮಾರಾಟಗಳು ಶುರುವಾದೊಡನೆ ಹೆಸರಾಂತ ಬ್ರ್ಯಾಂಡ್‌ಗಳ ಕ್ರೀಮು, ಸೀರಮ್, ಶಾಂಪೂಗಳು ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಮೊಬೈಲ್ ಪರದೆಯ ಮೇಲೆ ಕಾಣತೊಡಗುತ್ತವೆ. ಇವುಗಳಲ್ಲಿ ಬಹಳಷ್ಟು ಅಸಲಿಯೇ ಆಗಿರುತ್ತವೆ. ಆದರೆ ನಕಲಿ ಸರಕು ನುಸುಳುವುದೂ ಇದೇ ಸಮಯದಲ್ಲಿ, ಇದೇ ದಾರಿಯಲ್ಲಿ. ಈ ಲೇಖನವು ಒಂದೇ ಒಂದು ಸರಕನ್ನು, ಅಂದರೆ ಸನ್‌ಸ್ಕ್ರೀನ್ ಕ್ರೀಮನ್ನು ಹಿಡಿದುಕೊಂಡು, ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಬಗೆಯನ್ನು ವಿವರಿಸುತ್ತದೆ.

ಸನ್‌ಸ್ಕ್ರೀನನ್ನೇ ಆರಿಸಿಕೊಳ್ಳಲು ಕಾರಣವಿದೆ. ನಕಲಿ ಬೂಟು ಎರಡು ತಿಂಗಳಲ್ಲಿ ಕಿತ್ತುಹೋಗಿ ತನ್ನ ಬಣ್ಣವನ್ನು ತಾನೇ ಬಯಲು ಮಾಡುತ್ತದೆ. ನಕಲಿ ಸನ್‌ಸ್ಕ್ರೀನ್ ಹಾಗಲ್ಲ. ಅದು ಬೆಳ್ಳಗಿರುತ್ತದೆ, ಮೆತ್ತಗಿರುತ್ತದೆ, ಚರ್ಮಕ್ಕೆ ಸಲೀಸಾಗಿ ಹತ್ತುತ್ತದೆ. ನೇರಳಾತೀತ ಕಿರಣವನ್ನು ತಡೆಯುವ ಪದಾರ್ಥ ಅದರೊಳಗೆ ಇದೆಯೇ ಇಲ್ಲವೇ ಎಂಬುದು ಕಣ್ಣಿಗಾಗಲಿ ಮೂಗಿಗಾಗಲಿ ಬೆರಳಿಗಾಗಲಿ ತಿಳಿಯುವುದಿಲ್ಲ. ವೈದ್ಯರ ಸಲಹೆಯಂತೆ ಅದನ್ನು ಹಚ್ಚಿಕೊಂಡವರು ರಕ್ಷಣೆ ಇದೆ ಎಂದು ನಂಬಿ ಬಿಸಿಲಿಗೆ ಹೋಗುತ್ತಾರೆ. ಒಳಗಿನ ವಸ್ತುವನ್ನು ಮನೆಯಲ್ಲಿ ಪರೀಕ್ಷಿಸಲಾಗದ ಕಾರಣ ನಮ್ಮ ಕೈಗೆ ಉಳಿಯುವುದು ಹೊರಗಿನ ಸಾಕ್ಷ್ಯ ಮಾತ್ರ: ಬೆಲೆ, ಮಾರಾಟಗಾರನ ಚರಿತ್ರೆ, ಪೊಟ್ಟಣ ಮತ್ತು ಅದರ ಮೇಲಿನ ಅಂಕಿಗಳು.

## ನಕಲಿ ಎಂದರೆ ಯಾವುದು

ಒಂದು ಬ್ರ್ಯಾಂಡಿನ ಹೆಸರು, ಚಿಹ್ನೆ ಮತ್ತು ಪೊಟ್ಟಣವನ್ನು ಬಳಸಿಕೊಂಡು, ಆ ಬ್ರ್ಯಾಂಡಿನವರಲ್ಲದ ಬೇರೆ ಯಾರೋ ತಯಾರಿಸಿದ ಸರಕು ನಕಲಿ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ 17ಡಿ ಕಲಮಿನ ಪ್ರಕಾರ, ಇನ್ನೊಂದು ಸಾಮಗ್ರಿಯ ಹೆಸರಿನಲ್ಲಿ ತಯಾರಾದದ್ದು, ಜನರನ್ನು ಮೋಸಗೊಳಿಸುವಂತೆ ಇನ್ನೊಂದನ್ನು ಹೋಲುವಂತೆ ಮಾಡಿದ್ದು, ಇಲ್ಲದ ತಯಾರಕನ ಹೆಸರನ್ನು ಹೊತ್ತದ್ದು, ಅದನ್ನು ತಯಾರಿಸದೇ ಇದ್ದವನ ಹೆಸರಿನಲ್ಲಿ ಬಂದದ್ದು ಎಲ್ಲವೂ ನಕಲಿ ಸಾಮಗ್ರಿಯೇ.

ಇದರೊಂದಿಗೆ ಬೆರೆಸಿ ನೋಡಬಾರದ ಇನ್ನೆರಡು ಬಗೆಗಳಿವೆ. ಮೊದಲನೆಯದು, ಬೇರೆ ದೇಶದ ಮಾರುಕಟ್ಟೆಗೆಂದು ಬ್ರ್ಯಾಂಡೇ ತಯಾರಿಸಿದ ಅಸಲಿ ಸರಕನ್ನು ಅಧಿಕೃತ ಆಮದುದಾರನಲ್ಲದ ಮತ್ತೊಬ್ಬರು ತಂದು ಮಾರುವುದು. ಎರಡನೆಯದು, ಅವಧಿ ಮೀರಿದ ಅಥವಾ ಮೀರಲಿರುವ ಅಸಲಿ ಸರಕಿನ ದಿನಾಂಕವನ್ನು ಅಳಿಸಿ ಹೊಸದನ್ನು ಮುದ್ರಿಸಿ ಮಾರುವುದು. ಎರಡರಲ್ಲೂ ತಪ್ಪಿದೆ, ಗ್ರಾಹಕರಿಗೆ ಅಪಾಯವೂ ಇರಬಹುದು. ಆದರೆ ಇವುಗಳ ಗುರುತುಗಳು ಬೇರೆ. ಪೊಟ್ಟಣ ಸ್ವಲ್ಪ ಬೇರೆಯಾಗಿ ಕಂಡ ಮಾತ್ರಕ್ಕೆ ಒಳಗಿನ ಕ್ರೀಮೇ ನಕಲಿ ಎಂದು ತೀರ್ಮಾನಿಸುವಂತಿಲ್ಲ.

## ಒಂದೇ ಪುಟ, ಹಲವು ಮಾರಾಟಗಾರರು

ಆನ್‌ಲೈನ್ ಮಾರುಕಟ್ಟೆಯ ಬಗ್ಗೆ ಮೊದಲು ತಿಳಿಯಬೇಕಾದ ಸಂಗತಿ ಎಂದರೆ, ದೊಡ್ಡ ತಾಣಗಳಲ್ಲಿ ಒಂದು ಸರಕಿಗೆ ಸಾಮಾನ್ಯವಾಗಿ ಒಂದೇ ಪುಟ ಇರುತ್ತದೆ ಮತ್ತು ಆ ಪುಟದ ಹಿಂದೆ ಹಲವು ಮಾರಾಟಗಾರರು ಇರಬಹುದು. ಪುಟದಲ್ಲಿರುವ ಚಿತ್ರ, ವಿವರಣೆ, ನಾಲ್ಕೂವರೆ ನಕ್ಷತ್ರ, ಸಾವಿರಾರು ಅಭಿಪ್ರಾಯಗಳು ಆ ಸರಕಿಗೆ ಸೇರಿದವು. ಇಂದು ನಿಮಗೆ ಸರಕು ಕಳಿಸಲಿರುವ ವ್ಯಕ್ತಿಗೆ ಸೇರಿದವಲ್ಲ. ಸಂತೆಯಲ್ಲಿ ಒಂದೇ ಫಲಕದ ಕೆಳಗೆ ಹತ್ತು ಜನ ಬೆಲ್ಲ ಮಾರುತ್ತಿದ್ದು, ‘ಇಲ್ಲಿ ಬೆಲ್ಲ ಚೆನ್ನಾಗಿದೆ’ ಎಂದು ಊರವರು ಆ ಫಲಕವನ್ನಷ್ಟೇ ಹೊಗಳಿದರೆ, ನಿನ್ನೆಯಷ್ಟೇ ಬಂದು ಕುಳಿತ ಹನ್ನೊಂದನೆಯವನಿಗೂ ಆ ಹೊಗಳಿಕೆ ಪುಕ್ಕಟೆಯಾಗಿ ಸಿಗುತ್ತದೆ. ಇಲ್ಲಿ ಆಗುವುದೂ ಇಷ್ಟೇ.

ಆದ್ದರಿಂದ ನೋಡಬೇಕಾದ್ದು ಮಾರಾಟಗಾರನ ಹೆಸರು ಹೇಳುವ Sold by ಎಂಬ ಸಾಲನ್ನು. ಆ ಹೆಸರು ಸ್ಥಿರವೂ ಅಲ್ಲ. ಕೊಳ್ಳುವ ಗುಂಡಿಯ ಹಿಂದೆ ಯಾವ ಮಾರಾಟಗಾರ ಇರಬೇಕೆಂಬುದನ್ನು ತಾಣದ ವ್ಯವಸ್ಥೆಯು ಬೆಲೆ, ದಾಸ್ತಾನು, ತಲುಪಿಸುವ ವೇಗ ಮುಂತಾದವುಗಳ ಮೇಲೆ ಬದಲಿಸುತ್ತಿರುತ್ತದೆ. ಕಳೆದ ತಿಂಗಳು ಅದೇ ಪುಟದಿಂದ ತರಿಸಿದ ಟ್ಯೂಬು ಅಸಲಿಯಾಗಿತ್ತು ಎಂಬುದು ಈ ಬಾರಿಯ ಟ್ಯೂಬಿಗೆ ಖಾತ್ರಿಯಾಗದಿರುವುದು ಇದರಿಂದಲೇ.

ಅದೇ ಸಾಲಿನ ಹತ್ತಿರ, ಸರಕನ್ನು ಯಾರು ಕಟ್ಟಿ ಕಳಿಸುತ್ತಾರೆ ಎಂಬುದೂ ಇರುತ್ತದೆ. ತಾಣದ ಉಗ್ರಾಣದಿಂದ ಬರುತ್ತದೆ ಎಂದರೆ ಬೇಗ ತಲುಪುತ್ತದೆ, ಹಿಂದಿರುಗಿಸುವುದು ಸುಲಭ ಎಂದಷ್ಟೇ ಅರ್ಥ. ಆ ಉಗ್ರಾಣಕ್ಕೆ ಸರಕನ್ನು ತಂದು ಹಾಕಿದವನು ಮಾರಾಟಗಾರನೇ.

## ಬೆಲೆಯ ಲೆಕ್ಕ

‘ತೀರಾ ಅಗ್ಗವಾದದ್ದನ್ನು ಕೊಳ್ಳಬೇಡಿ’ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಎಷ್ಟು ಕಡಿಮೆಯಾದರೆ ತೀರಾ ಅಗ್ಗ ಎಂಬುದನ್ನು ಯಾರೂ ಹೇಳುವುದಿಲ್ಲ. ಮಾರಾಟಗಾರನ ಜಾಗದಲ್ಲಿ ನಿಂತು ಲೆಕ್ಕ ಹಾಕಿದರೆ ಅದು ತಕ್ಕಮಟ್ಟಿಗೆ ತಿಳಿಯುತ್ತದೆ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಂಡು ಲೇಖನದ ಕೊನೆಯವರೆಗೂ ಅದನ್ನೇ ಅನುಸರಿಸೋಣ.

50 ಗ್ರಾಂ ಸನ್‌ಸ್ಕ್ರೀನಿನ ಗರಿಷ್ಠ ಚಿಲ್ಲರೆ ಬೆಲೆ, ಅಂದರೆ ಎಂಆರ್‌ಪಿ, 699 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲ ಮಾರಾಟಗಾರ ಅದನ್ನು 629 ರೂಪಾಯಿಗೆ ಕೊಡುತ್ತಿದ್ದಾನೆ. ಎರಡನೆಯವನು 279 ರೂಪಾಯಿಗೆ. ವಿತರಕರು ಇಬ್ಬರಿಗೂ ಎಂಆರ್‌ಪಿಗಿಂತ ಶೇಕಡಾ 25ರಷ್ಟು ಕಡಿಮೆಗೆ, ಅಂದರೆ ಸುಮಾರು 524 ರೂಪಾಯಿಗೆ ಟ್ಯೂಬು ಕೊಡುತ್ತಾರೆ ಎಂದು ಊಹಿಸೋಣ. ಸನ್‌ಸ್ಕ್ರೀನಿನ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ವ್ಯಾಪಾರಿಯು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದರಿಂದ, ಎರಡೂ ಕಡೆ ತೆರಿಗೆಯನ್ನು ಬಿಟ್ಟು ಹೋಲಿಸುವುದು ಸರಿ. ಹಾಗೆ ನೋಡಿದರೆ ಟ್ಯೂಬು ಅವನಿಗೆ ಬೀಳುವುದು ಸುಮಾರು 444 ರೂಪಾಯಿಗೆ. ತಾಣದ ಕಮಿಷನ್ ಮತ್ತು ಸಾಗಣೆಗೆ 75 ರೂಪಾಯಿ ಎಂದಿಟ್ಟುಕೊಳ್ಳೋಣ.

ಮೊದಲನೆಯವನ 629 ರೂಪಾಯಿಯಲ್ಲಿ ತೆರಿಗೆ ತೆಗೆದರೆ 533 ಉಳಿಯುತ್ತದೆ. 75 ಕಳೆದರೆ 458. ಅವನಿಗೆ ಟ್ಯೂಬೊಂದಕ್ಕೆ 14 ರೂಪಾಯಿ ಲಾಭ. ಲಾಭ ತೆಳುವಾಗಿದೆ, ಆದರೆ ವ್ಯಾಪಾರ ನಡೆಯುತ್ತದೆ. ಎರಡನೆಯವನ 279ರಲ್ಲಿ ತೆರಿಗೆ ತೆಗೆದರೆ 236. ಖರ್ಚು ಕಳೆದರೆ 161. ಅಸಲಿ ಟ್ಯೂಬನ್ನೇ ಅವನು ಮಾರುತ್ತಿದ್ದರೆ ಪ್ರತಿ ಟ್ಯೂಬಿಗೂ ಸುಮಾರು 283 ರೂಪಾಯಿ ಕೈಬಿಡುತ್ತಾನೆ. ಒಂದೆರಡು ದಿನ ಹೆಸರು ಮಾಡಲು ಯಾರಾದರೂ ನಷ್ಟಕ್ಕೆ ಮಾರಿಯಾರು. ತಿಂಗಳುಗಟ್ಟಲೆ ದಾಸ್ತಾನು ಮುಗಿಯದೆ ಹೀಗೆ ಮಾರುತ್ತಿದ್ದರೆ ಆ ಸರಕು ಅವನಿಗೆ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಏಳುತ್ತದೆ.

ವ್ಯಾಪಾರಿಗೆ ಸಿಗುವ ನಿಜವಾದ ಲಾಭದ ಪಾಲು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆಯಾಗಿರುವುದರಿಂದ ಈ ಅಂಕಿಗಳನ್ನು ಹಾಗೇ ಎಲ್ಲೆಡೆ ಹಚ್ಚಬಾರದು. ಬದಲಿಗೆ ಅಳತೆಗೋಲಾಗಿ ಬ್ರ್ಯಾಂಡಿನ ಸ್ವಂತ ಜಾಲತಾಣದ, ಇಲ್ಲವೇ ಅದೇ ಮಾರುಕಟ್ಟೆಯಲ್ಲಿರುವ ಅದರ ಅಧಿಕೃತ ಮಳಿಗೆಯ ಅಂದಿನ ಬೆಲೆಯನ್ನು ಇಟ್ಟುಕೊಳ್ಳಬೇಕು. ಹಬ್ಬದ ದಿನ ಬ್ರ್ಯಾಂಡೇ ರಿಯಾಯಿತಿಯ ಹೊರೆಯನ್ನು ಹೊತ್ತಾಗ ಅಸಲಿ ಸರಕೂ ಅರ್ಧ ಬೆಲೆಗೆ ಬರಬಹುದು. ಆದರೆ ಆ ದಿನ ಅಧಿಕೃತ ಮಳಿಗೆಯಲ್ಲೂ ಬೆಲೆ ಇಳಿದಿರುತ್ತದೆ. ಅಲ್ಲಿ 599, ಇಲ್ಲಿ 279 ಎಂಬ ಅಂತರವೇ ಗಮನಿಸಬೇಕಾದ್ದು.

ಬೆಲೆಗೆ ಒಂದು ದೊಡ್ಡ ಮಿತಿಯಿದೆ. ಅನುಭವವಿರುವ ನಕಲಿಕೋರ 279 ಎಂದು ಬರೆಯುವುದಿಲ್ಲ. 529 ಎಂದು ಬರೆಯುತ್ತಾನೆ. ಆ ಬೆಲೆಗೆ ಅವಧಿ ಮುಗಿಯಲಿರುವ ಅಸಲಿ ದಾಸ್ತಾನನ್ನು ಖಾಲಿ ಮಾಡುವವನೂ ಮಾರಿಯಾನು, ಹೆಚ್ಚು ಸಂಖ್ಯೆಯಲ್ಲಿ ಕೊಂಡು ವಿತರಕರಿಂದ ಹೆಚ್ಚು ರಿಯಾಯಿತಿ ಪಡೆದವನೂ ಮಾರಿಯಾನು. ಹೀಗಾಗಿ ಬೆಲೆ ತೀರಾ ಕಡಿಮೆ ಇದ್ದಾಗ ಮಾತ್ರ ಅದು ಸಾಕ್ಷಿ; ಬೆಲೆ ಸಹಜವಾಗಿದೆ ಎಂಬುದು ಸರಕು ಅಸಲಿ ಎನ್ನುವುದಕ್ಕೆ ಸಾಕ್ಷಿಯಲ್ಲ. ಹೋಲಿಸುವಾಗ ತೂಕವನ್ನೂ ನೋಡಬೇಕು: 30 ಗ್ರಾಂ ಟ್ಯೂಬಿನ ಬೆಲೆಯನ್ನು 50 ಗ್ರಾಂ ಟ್ಯೂಬಿನ ಬೆಲೆಯ ಪಕ್ಕದಲ್ಲಿಟ್ಟು ಅನುಮಾನಪಡುವವರೂ ಇದ್ದಾರೆ, ನಂಬಿ ಮೋಸಹೋಗುವವರೂ ಇದ್ದಾರೆ.

## ಮಾರಾಟಗಾರನ ಚರಿತ್ರೆಯನ್ನು ಓದುವ ಬಗೆ

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಮಾರುಕಟ್ಟೆ ತಾಣವು ಪ್ರತಿ ಮಾರಾಟಗಾರನ ವ್ಯವಹಾರದ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಖ್ಯೆ ಮತ್ತು ಅವನಿಗೆ ಬಂದಿರುವ ರೇಟಿಂಗ್ ಇತ್ಯಾದಿಗಳನ್ನು ಕೊಳ್ಳುವ ಮೊದಲೇ ಕಾಣುವಂತೆ ಇಡಬೇಕು. Sold by ಸಾಲಿನಲ್ಲಿರುವ ಹೆಸರನ್ನು ಒತ್ತಿದರೆ ಈ ಪುಟ ತೆರೆದುಕೊಳ್ಳುತ್ತದೆ. ಬಹಳ ಮಂದಿ ಇದನ್ನು ಒಮ್ಮೆಯೂ ತೆರೆದಿರುವುದಿಲ್ಲ.

ಅಲ್ಲಿ ಒಟ್ಟು ನಕ್ಷತ್ರಗಳಿಗಿಂತ ಕಾಲದ ಹಂಚಿಕೆ ಮುಖ್ಯ. ಕೆಲವು ತಾಣಗಳು ಕಳೆದ 30 ದಿನ, 90 ದಿನ, 12 ತಿಂಗಳು ಎಂದು ಬಿಡಿಸಿ ತೋರಿಸುತ್ತವೆ. ವರ್ಷದ ಸರಾಸರಿ ಚೆನ್ನಾಗಿದ್ದು 30 ದಿನಗಳದ್ದು ಕುಸಿದಿದ್ದರೆ ಇತ್ತೀಚೆಗೆ ಏನೋ ಬದಲಾಗಿದೆ. ಹಳೆಯ ಖಾತೆಯನ್ನು ಬೇರೆಯವರು ವಹಿಸಿಕೊಂಡಾಗಲೂ ಹೀಗಾಗುತ್ತದೆ. ಆಗ ಹಳೆಯ ಅಭಿಪ್ರಾಯಗಳನ್ನು ತೆರೆದು ಅವು ಯಾವ ಸರಕಿನ ಬಗ್ಗೆ ಎಂದು ನೋಡಬೇಕು. ಎರಡು ವರ್ಷ ಮೊಬೈಲ್ ಕವರು, ಪಾತ್ರೆ ತಿಕ್ಕುವ ಬ್ರಷ್ಷು ಮಾರಿ ಹೆಸರು ಗಳಿಸಿದವನು ಈ ತಿಂಗಳು ಏಕಾಏಕಿ ಐದು ದುಬಾರಿ ಬ್ರ್ಯಾಂಡುಗಳ ಕ್ರೀಮು ಮಾರತೊಡಗಿದ್ದರೆ, ಆ ಹಳೆಯ ನಕ್ಷತ್ರಗಳು ಕ್ರೀಮಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೆಲವು ತಾಣಗಳಲ್ಲಿ ಅಡ್ಡಗೆರೆ ಎಳೆದ ಅಭಿಪ್ರಾಯಗಳು ಕಾಣುತ್ತವೆ. ತಲುಪಿಸುವ ಹೊಣೆ ತಾಣದ್ದೇ ಆಗಿದ್ದಾಗ, ಆ ಬಗ್ಗೆ ಬಂದ ದೂರನ್ನು ಮಾರಾಟಗಾರನ ಲೆಕ್ಕಕ್ಕೆ ಹಿಡಿಯದೆ ಹೀಗೆ ಗೆರೆ ಹೊಡೆಯಲಾಗುತ್ತದೆ. ಗೆರೆಯ ಕೆಳಗಿನ ಮಾತುಗಳನ್ನೂ ಓದುವುದು ಒಳ್ಳೆಯದು. ‘ಸೀಲ್ ಇರಲಿಲ್ಲ’, ‘ವಾಸನೆ ಬೇರೆ’, ‘ಮೊದಲಿನ ಟ್ಯೂಬಿನಂತಿಲ್ಲ’ ಎಂಬ ದೂರುಗಳು ಅಲ್ಲಿ ಸಿಕ್ಕಿಕೊಂಡಿರಬಹುದು. ಅಂಕಿಗೆ ಸೇರದಿದ್ದರೂ ಅವು ನಮಗೆ ಬೇಕಾದ ಮಾಹಿತಿಯೇ.

ಸರಕು ಬಂದ ಮೇಲೆ ಬಿಲ್ಲಿನಲ್ಲಿರುವ ಜಿಎಸ್‌ಟಿ ಸಂಖ್ಯೆಯಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಈ 15 ಅಕ್ಷರಗಳ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕದ್ದು 29. ಮುಂದಿನ ಹತ್ತು ಅಕ್ಷರ ವ್ಯಾಪಾರಿಯ ಪ್ಯಾನ್ ಸಂಖ್ಯೆ. services.gst.gov.in ತಾಣದ Search Taxpayer ವಿಭಾಗದಲ್ಲಿ ಇದನ್ನು ಹಾಕಿದರೆ ನೋಂದಣಿಯ ಹೆಸರು, ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬ ವಿವರ ಸಿಗುತ್ತವೆ, ಇದಕ್ಕೆ ಶುಲ್ಕವಿಲ್ಲ. ನಮ್ಮ ಉದಾಹರಣೆಯ ಎರಡನೇ ಮಾರಾಟಗಾರನ ನೋಂದಣಿ ಆರು ವಾರಗಳ ಹಿಂದಿನದಾಗಿದ್ದು, ಬಿಲ್ಲಿನಲ್ಲಿರುವ ಹೆಸರಿಗೂ ತಾಣದಲ್ಲಿ ಕಾಣುವ ಹೆಸರಿಗೂ ಸಂಬಂಧವೇ ಇಲ್ಲದಿದ್ದರೆ ಅನುಮಾನ ಹೆಚ್ಚುತ್ತದೆ. ಆದರೆ ಹೊಸ ವ್ಯಾಪಾರಿ ಎಂದ ಮಾತ್ರಕ್ಕೆ ಮೋಸಗಾರನಲ್ಲ. ವಿಳಾಸವು ಮನೆಯದ್ದಾಗಿದೆ ಎಂಬುದೂ ತಪ್ಪಲ್ಲ. ಮನೆಯಿಂದಲೇ ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರು ಎಷ್ಟೋ ಜನರಿದ್ದಾರೆ.

## ಪೊಟ್ಟಣ ಕೈಗೆ ಬಂದಾಗ

ಪೊಟ್ಟಣವನ್ನು ತೆರೆಯುವ ಮೊದಲು ವೀಡಿಯೊ ಶುರುಮಾಡಿ, ಹೊರಗಿನ ಕವರಿನ ಮೇಲಿರುವ ವಿಳಾಸದ ಚೀಟಿಯನ್ನು ತೋರಿಸಿ, ಕತ್ತರಿಸದೆ ಒಂದೇ ಓಟದಲ್ಲಿ ಟ್ಯೂಬು ಹೊರಬರುವವರೆಗೂ ಚಿತ್ರೀಕರಿಸಿಕೊಳ್ಳಬೇಕು. ಮುಂದೆ ದೂರು ಕೊಡಬೇಕಾಗಿ ಬಂದರೆ, ಇದೇ ಟ್ಯೂಬು ಇದೇ ಮಾರಾಟಗಾರನಿಂದ ಬಂದದ್ದು ಎಂದು ತೋರಿಸಲು ಇದು ಬೇಕಾಗುತ್ತದೆ.

ಪೊಟ್ಟಣವನ್ನು ನೋಡುವಾಗ ಜನ ಸಾಮಾನ್ಯವಾಗಿ ಕಾಗುಣಿತದ ತಪ್ಪು, ಮಸುಕಾದ ಬಣ್ಣ, ಹೊಳೆಯುವ ಹಾಲೊಗ್ರಾಮ್ ಹುಡುಕುತ್ತಾರೆ. ಹತ್ತು ವರ್ಷದ ಹಿಂದೆ ಅದು ಸಾಕಾಗುತ್ತಿತ್ತೇನೋ. ಈಗ ಒಳ್ಳೆಯ ಮುದ್ರಣ ಅಗ್ಗವಾಗಿದೆ, ಹಾಲೊಗ್ರಾಮನ್ನು ಹೋಲುವ ಸ್ಟಿಕ್ಕರೂ ಸುಲಭವಾಗಿ ಸಿಗುತ್ತದೆ. ಅಂದವನ್ನು ನಕಲು ಮಾಡುವುದು ಕಷ್ಟವಲ್ಲ. ನಕಲು ಮಾಡಲು ಕಷ್ಟವಾಗುವುದು ಕಾರ್ಖಾನೆಯ ಕೆಲಸದ ಕ್ರಮ.

ಆ ಕ್ರಮ ಹೀಗಿದೆ. ರಟ್ಟಿನ ಪೆಟ್ಟಿಗೆ ಮತ್ತು ಖಾಲಿ ಟ್ಯೂಬುಗಳನ್ನು ಮುದ್ರಣಾಲಯದಲ್ಲಿ ಒಮ್ಮೆಗೇ ಲಕ್ಷಗಟ್ಟಲೆ ಅಚ್ಚುಹಾಕಿ ತರಿಸಿಡುತ್ತಾರೆ. ಆಗ ಅವುಗಳೊಳಗೆ ಯಾವ ದಿನ ಯಾವ ಬ್ಯಾಚಿನ ಕ್ರೀಮು ತುಂಬುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಬಳಕೆಯ ಕೊನೆಯ ತಿಂಗಳು, ಬಹುತೇಕ ಎಂಆರ್‌ಪಿ ಕೂಡ ತುಂಬುವ ಯಂತ್ರದ ಬಳಿ, ಬೇರೆ ಯಂತ್ರದಿಂದ ಕೊನೆಗೆ ಬೀಳುತ್ತವೆ. ಪೆಟ್ಟಿಗೆಯ ಮೇಲೆ ಅವು ಚುಕ್ಕಿಚುಕ್ಕಿಯಾದ ಶಾಯಿಯ ಅಕ್ಷರಗಳಾಗಿಯೋ ಲೇಸರ್‌ನಿಂದ ಕೊರೆದಂತೆಯೋ ಇರುತ್ತವೆ. ಟ್ಯೂಬಿನಲ್ಲಿ, ಕ್ರೀಮು ತುಂಬಿದ ಮೇಲೆ ಬಿಸಿಯಿಂದ ಒತ್ತಿ ಮುಚ್ಚುವ ಹಿಂಬದಿಯ ಚಪ್ಪಟೆ ಅಂಚಿನ ಮೇಲೆ ಒತ್ತಚ್ಚಾಗಿ ಬೀಳುವುದುಂಟು. ಹಲವು ಟ್ಯೂಬುಗಳ ಮೇಲೆ See crimp ಎಂದು ಬರೆದಿರುವುದು ಆ ಅಂಚನ್ನು ನೋಡಿ ಎಂದು ಹೇಳಲು.

ಹಾಗಾಗಿ ಅಸಲಿ ಪೊಟ್ಟಣದಲ್ಲಿ ಈ ಅಂಕಿಗಳು ಉಳಿದ ಬರಹಕ್ಕಿಂತ ಬೇರೆಯಾಗಿಯೇ ಕಾಣುತ್ತವೆ. ಸಾಲು ಒಂಚೂರು ಓರೆಯಾಗಿರಬಹುದು, ಮೀಸಲಿಟ್ಟ ಚೌಕದಿಂದ ತುಸು ಹೊರಗೆ ಬಿದ್ದಿರಬಹುದು, ಅದು ದೋಷವಲ್ಲ. ಬ್ಯಾಚ್ ಸಂಖ್ಯೆ ಮತ್ತು ದಿನಾಂಕಗಳು ಉಳಿದ ಬರಹದ ಶಾಯಿಯಲ್ಲೇ, ಅದೇ ಅಚ್ಚಿನಲ್ಲಿ, ಅಚ್ಚುಕಟ್ಟಾಗಿ ಮುದ್ರಿತವಾಗಿದ್ದರೆ ಅನುಮಾನಿಸಬೇಕು. ಲಕ್ಷ ಪೆಟ್ಟಿಗೆಗಳಿಗೂ ಒಂದೇ ಬ್ಯಾಚ್ ಸಂಖ್ಯೆಯನ್ನು ಮೊದಲೇ ಅಚ್ಚುಹಾಕಿಸಿದವನಿಗೆ ಬ್ಯಾಚ್ ಎಂಬುದು ಬರೀ ಅಲಂಕಾರ. ಈ ಶಾಯಿಯನ್ನು ನೇಲ್ ಪಾಲಿಶ್ ತೆಗೆಯುವ ದ್ರವದಿಂದ ಉಜ್ಜಿ ನೋಡುವ ಪದ್ಧತಿ ಹರಡಿದೆ. ಅದರಿಂದ ಅಸಲಿ ಅಂಕಿಗಳೂ ಅಳಿಸಿಹೋಗುತ್ತವೆ, ಸಾಕ್ಷ್ಯವೂ ಹಾಳಾಗುತ್ತದೆ, ಹಾಗೆ ಮಾಡಬಾರದು.

ಇನ್ನು ಕಾನೂನು ಕೇಳುವ ಬರಹ. 2020ರ ಪ್ರಸಾಧನ ಸಾಮಗ್ರಿ ನಿಯಮಗಳು ಮತ್ತು 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ತಯಾರಕನ ಹೆಸರು ಮತ್ತು ಪೂರ್ಣ ವಿಳಾಸ, ತಯಾರಿಕೆಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಮತ್ತು ಗ್ರಾಹಕ ದೂರಿನ ಸಂಪರ್ಕ ವಿವರ ಇರಬೇಕು. ತೀರಾ ಸಣ್ಣ ಪೊಟ್ಟಣಗಳಿಗೆ ಮಾತ್ರ ಕೆಲವು ವಿನಾಯಿತಿಗಳಿವೆ. ವಿದೇಶದಿಂದ ಬಂದದ್ದಾದರೆ ಆಮದು ನೋಂದಣಿ ಪತ್ರದ ಸಂಖ್ಯೆ ಮತ್ತು ಅದನ್ನು ಪಡೆದವರ ಹೆಸರು, ವಿಳಾಸ ಕಡ್ಡಾಯ. ಸಾಮಾನ್ಯವಾಗಿ ಇವು ಹಿಂಬದಿಯಲ್ಲಿ ಅಂಟಿಸಿದ ಬಿಳಿ ಸ್ಟಿಕ್ಕರಿನಲ್ಲಿರುತ್ತವೆ. ಕೊರಿಯಾ ಅಥವಾ ಫ್ರಾನ್ಸಿನ ಕ್ರೀಮಿನ ಮೇಲೆ ಅಂಥ ಸ್ಟಿಕ್ಕರೇ ಇಲ್ಲದಿದ್ದರೆ, ಒಳಗಿನದು ಅಸಲಿಯಾಗಿದ್ದರೂ ಅದು ಇಲ್ಲಿಗೆ ಕಾನೂನಿನ ದಾರಿಯಲ್ಲಿ ಬಂದದ್ದಲ್ಲ.

ಬಾರ್‌ಕೋಡಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 890ರಿಂದ ಶುರುವಾಗುವ ಬಾರ್‌ಕೋಡ್ ಭಾರತದಲ್ಲಿ ತಯಾರಾದದ್ದನ್ನು ಸೂಚಿಸುತ್ತದೆ ಎಂದು ಹಲವರು ನಂಬಿದ್ದಾರೆ. ಆ ಸಂಖ್ಯೆಯನ್ನು ಭಾರತದ ಜಿಎಸ್1 ಸಂಸ್ಥೆ ಹಂಚಿದೆ ಎಂದಷ್ಟೇ ಅದರ ಅರ್ಥ. ಒಂದು ಸರಕಿನ ಎಲ್ಲ ಟ್ಯೂಬುಗಳಿಗೂ ಬಾರ್‌ಕೋಡ್ ಒಂದೇ ಆಗಿರುವುದರಿಂದ ಅದನ್ನು ನಕಲು ಮಾಡುವುದು ಒಂದು ಫೋಟೊ ತೆಗೆದಷ್ಟೇ ಸುಲಭ. ಸ್ಕ್ಯಾನ್ ಮಾಡಿದಾಗ ಬೇರೆ ಸರಕಿನ ಹೆಸರು ಬಂದರೆ ಅದು ಎಚ್ಚರಿಕೆ. ಸರಿಯಾದ ಹೆಸರು ಬಂದರೆ ಅದು ಯಾವುದಕ್ಕೂ ಪುರಾವೆಯಲ್ಲ.

## ಬ್ಯಾಚ್ ಸಂಖ್ಯೆ: ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ

ಒಂದು ಸಲಕ್ಕೆ, ಒಂದೇ ಪಾತ್ರೆಯಲ್ಲಿ ಕಲಸಿ ತಯಾರಿಸಿದ ಕ್ರೀಮು ಒಂದು ಬ್ಯಾಚು. ಅದಕ್ಕೊಂದು ಸಂಖ್ಯೆ ಕೊಡುತ್ತಾರೆ. ಎಲ್ಲೋ ಒಬ್ಬರಿಗೆ ಚರ್ಮ ಉರಿದರೆ ಕಾರ್ಖಾನೆಯವರು ಆ ಸಂಖ್ಯೆ ಹಿಡಿದು ಯಾವ ದಿನ ಯಾವ ಕಚ್ಚಾವಸ್ತು ಬಳಸಿದೆವು, ಯಾವ ಊರಿಗೆ ಕಳಿಸಿದೆವು ಎಂದು ಹಿಂದಕ್ಕೆ ಹೋಗಿ ನೋಡಬಹುದು. ಹೀಗೆ ಬ್ಯಾಚ್ ಸಂಖ್ಯೆಯೊಂದಕ್ಕೆ ಒಂದೇ ತಯಾರಿಕಾ ದಿನಾಂಕ, ಒಂದೇ ಅವಧಿ ಇರುತ್ತದೆ. ನಕಲಿಕೋರ ಎಡವುವುದು ಇಲ್ಲಿಯೇ. ಅವನ ಕೈಗೆ ಸಿಕ್ಕಿರುವುದು ಒಂದೋ ಎರಡೋ ಅಸಲಿ ಟ್ಯೂಬಿನ ಸಂಖ್ಯೆ. ಅದನ್ನೇ ಅವನು ತಿಂಗಳುಗಟ್ಟಲೆ ಅಚ್ಚುಹಾಕುತ್ತಾನೆ. ಆದರೆ ಸರಕು ಹಳೆಯದಾಗಿ ಕಾಣಬಾರದೆಂದು ದಿನಾಂಕವನ್ನು ಮಾತ್ರ ಮುಂದಕ್ಕೆ ಹಾಕುತ್ತಾನೆ.

ಕೊಳ್ಳುವ ಮೊದಲು ಈ ಪರೀಕ್ಷೆ ಸಾಧ್ಯವಾಗದಿರಲು ಕಾರಣವಿದೆ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳನ್ನು ಆನ್‌ಲೈನ್ ಪುಟದಲ್ಲೂ ತೋರಿಸಬೇಕೆಂದು ಕಾನೂನು ಮಾಪನ ನಿಯಮ ಹೇಳುತ್ತದೆ, ಆದರೆ ತಯಾರಾದ ತಿಂಗಳು ಮತ್ತು ವರ್ಷಕ್ಕೆ ಅದರಿಂದ ವಿನಾಯಿತಿ ಇದೆ. ಪುಟ ಒಂದೇ ಇದ್ದು ಟ್ಯೂಬುಗಳು ಬೇರೆಬೇರೆ ಬ್ಯಾಚಿನವಾಗಿರುವಾಗ ಇದು ಸಹಜವೇ. ಹೀಗಾಗಿ ಬ್ಯಾಚ್ ತಿಳಿಯುವುದು ಸರಕು ಕೈಗೆ ಬಂದ ಮೇಲೆ.

ಈಗ ನಮ್ಮ 279 ರೂಪಾಯಿಯ ಟ್ಯೂಬಿಗೆ ಬರೋಣ. ಪೆಟ್ಟಿಗೆಯ ಮೇಲೆ ಬ್ಯಾಚ್ SN2517, ತಯಾರಿ 05/2025, ಬಳಕೆಯ ಕೊನೆ 04/2028, ಎಂಆರ್‌ಪಿ 699 ಎಂದಿದೆ ಎನ್ನಿ. ಮೊದಲು ಇದನ್ನು ಟ್ಯೂಬಿನ ಅಂಚಿನ ಒತ್ತಚ್ಚಿನೊಂದಿಗೆ ಹೋಲಿಸಬೇಕು. ಅಲ್ಲಿಯೂ SN2517 ಇದೆ, ಸದ್ಯಕ್ಕೆ ಸರಿ. ತಯಾರಿಗೂ ಕೊನೆಗೂ ನಡುವೆ 36 ತಿಂಗಳು. ಮನೆಯಲ್ಲಿ ಉಳಿದಿರುವ ಹಳೆಯ ಅಸಲಿ ಟ್ಯೂಬಿನಲ್ಲಿ 24 ತಿಂಗಳಿದ್ದರೆ ಇದನ್ನು ಗುರುತು ಹಾಕಿಕೊಳ್ಳಬೇಕು. ಆಮೇಲೆ ತಾಣದ ಪುಟಕ್ಕೆ ಹಿಂದಿರುಗಿ, ಗ್ರಾಹಕರು ಅಭಿಪ್ರಾಯದೊಂದಿಗೆ ಹಾಕಿರುವ ಫೋಟೊಗಳನ್ನು ದೊಡ್ಡದು ಮಾಡಿ ನೋಡಬೇಕು. ಈ ಕೆಲಸಕ್ಕೆ ಹತ್ತು ನಿಮಿಷ ಬೇಕಾದೀತು. ಯಾರೋ ಒಬ್ಬರು ಹಾಕಿದ ಪೆಟ್ಟಿಗೆಯ ಚಿತ್ರದಲ್ಲಿ ಅದೇ SN2517 ಇದೆ, ಆದರೆ ತಯಾರಿ 08/2024, ಕೊನೆ 07/2027 ಎಂದಿದೆ. ಒಂದೇ ಬ್ಯಾಚಿಗೆ ಎರಡು ಹುಟ್ಟುದಿನ ಇರಲು ಬರುವುದಿಲ್ಲ. ಎರಡರಲ್ಲಿ ಒಂದಾದರೂ ಸುಳ್ಳು, ಎರಡೂ ಸುಳ್ಳಾಗಿರಬಹುದು.

ಇಲ್ಲಿಂದ ಮುಂದೆ ಕೇಳಬೇಕಾದ್ದು ಬ್ರ್ಯಾಂಡನ್ನು. ‘ಇದು ಅಸಲಿಯೇ?’ ಎಂದು ಕೇಳಿದರೆ ‘ಅಧಿಕೃತ ಮಳಿಗೆಯಿಂದಲೇ ಕೊಳ್ಳಿ’ ಎಂಬ ಸಿದ್ಧ ಉತ್ತರ ಬರುವ ಸಂಭವ ಹೆಚ್ಚು. ಪೆಟ್ಟಿಗೆಯ ಮತ್ತು ಟ್ಯೂಬಿನ ಅಂಚಿನ ಸ್ಪಷ್ಟ ಫೋಟೊಗಳೊಂದಿಗೆ, ‘SN2517 ಬ್ಯಾಚು ಈ ಸರಕಿನದ್ದೇ, 50 ಗ್ರಾಂ ಪ್ರಮಾಣದ್ದೇ, ಅದರ ತಯಾರಿಕೆಯ ತಿಂಗಳು ಯಾವುದು, ಯಾವ ಕಾರ್ಖಾನೆಯದು’ ಎಂದು ಇಮೇಲಿನಲ್ಲಿ ಬಿಡಿಬಿಡಿಯಾಗಿ ಕೇಳಿದರೆ ಅವರು ತಮ್ಮ ದಾಖಲೆ ನೋಡಿ ಉತ್ತರಿಸಬೇಕಾಗುತ್ತದೆ. ಕೇಳುವಾಗ ಒಂದು ಎಚ್ಚರ: ಪೊಟ್ಟಣದ ಮೇಲೆ ಅಚ್ಚಾದ ಇಮೇಲ್ ವಿಳಾಸಕ್ಕೆ, ಅಂಟಿಸಿರುವ ಕ್ಯೂಆರ್ ಕೋಡ್ ತೋರಿಸುವ ಪುಟಕ್ಕೆ ಹೋಗಬಾರದು. ನಕಲಿಕೋರ ತನ್ನದೇ ಪುಟವನ್ನು ಅಲ್ಲಿ ಇಟ್ಟಿರಬಹುದು. ಬ್ರ್ಯಾಂಡಿನ ಜಾಲತಾಣದ ವಿಳಾಸವನ್ನು ನಾವೇ ಟೈಪು ಮಾಡಿ ಅಲ್ಲಿಂದ ಸಂಪರ್ಕ ವಿವರವನ್ನು ತೆಗೆದುಕೊಳ್ಳಬೇಕು.

ಬ್ಯಾಚ್ ಪರೀಕ್ಷೆಯೂ ಪರಿಪೂರ್ಣವಲ್ಲ. ಕೆಲವು ಬ್ರ್ಯಾಂಡುಗಳಲ್ಲಿ ಟ್ಯೂಬಿನ ಮೇಲೆ ತುಂಬಿದ ಬ್ಯಾಚಿನ ಸಂಖ್ಯೆ, ಪೆಟ್ಟಿಗೆಯ ಮೇಲೆ ಪೆಟ್ಟಿಗೆಗೆ ಹಾಕಿ ಕಟ್ಟಿದ ಕಂತಿನ ಸಂಖ್ಯೆ ಇರುತ್ತದೆ. ಅಲ್ಲಿ ಎರಡೂ ಹೊಂದದಿದ್ದರೂ ಸರಕು ಅಸಲಿಯೇ. ಬ್ಯಾಚ್ ಸಂಖ್ಯೆ ಹಾಕಿದರೆ ತಯಾರಿಕೆಯ ದಿನಾಂಕ ಹೇಳುವ ಜಾಲತಾಣಗಳಿವೆ. ಅವು ಸಂಖ್ಯೆಯ ವಿನ್ಯಾಸವನ್ನು ಬಿಡಿಸಿ ದಿನಾಂಕ ಊಹಿಸುತ್ತವೆ ಅಷ್ಟೆ. ಅಸಲಿ ಟ್ಯೂಬಿನಿಂದ ಕದ್ದ ಸಂಖ್ಯೆಗೂ ಅವು ಸರಿಯಾದ ದಿನಾಂಕವನ್ನೇ ತೋರಿಸುತ್ತವೆ. ಎಲ್ಲಕ್ಕಿಂತ ಕಷ್ಟದ ಬಗೆ ಎಂದರೆ ಮರುತುಂಬಿದ ಸರಕು. ಗುಜರಿಯಿಂದ ಆಯ್ದ ಅಸಲಿ ಬಾಟಲಿಗೆ ಬೇರೇನನ್ನೋ ತುಂಬಿದಾಗ ಬಾಟಲಿ ಅಸಲಿ, ಬರಹ ಅಸಲಿ, ಬ್ಯಾಚೂ ಅಸಲಿ. ಒತ್ತಿ ಮುಚ್ಚಿದ ಟ್ಯೂಬನ್ನು ಹೀಗೆ ಮರುತುಂಬುವುದು ಕಷ್ಟ. ಪಂಪು ಅಥವಾ ತಿರುಪು ಮುಚ್ಚಳದ ಬಾಟಲಿಗಳಲ್ಲಿ ಸುಲಭ. ಅಂಥವುಗಳಲ್ಲಿ ಬಾಯಿಯ ಸೀಲ್, ಮುಚ್ಚಳದ ಅಂಚಿನಲ್ಲಿ ಗೀರು, ಕತ್ತಿನ ತಿರುಪಿನಲ್ಲಿ ಒಣಗಿದ ಹಳೆಯ ಕ್ರೀಮಿನ ಅಂಟು ಇವುಗಳನ್ನೇ ನೋಡಬೇಕಾಗುತ್ತದೆ. ಬಳಸಿ ಮುಗಿದ ಬಾಟಲಿಯ ಲೇಬಲ್ಲನ್ನು ಗೀಚಿ ಎಸೆಯುವ ರೂಢಿ ಮಾಡಿಕೊಂಡರೆ ನಮ್ಮ ಮನೆಯ ಬಾಟಲಿಯಾದರೂ ಆ ದಾರಿ ಹಿಡಿಯುವುದಿಲ್ಲ.

## ಅನುಮಾನ ಗಟ್ಟಿಯಾದರೆ

ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಕೆಲಸ ಶುರುವಾಗಬೇಕು. ಹಚ್ಚಿ ನೋಡಬಾರದು. ಪೆಟ್ಟಿಗೆಯ ಆರೂ ಮುಖ, ಟ್ಯೂಬಿನ ಎರಡೂ ಅಂಚು, ಬಿಲ್ಲು, ಹೊರಕವರಿನ ಚೀಟಿ ಎಲ್ಲದರ ಫೋಟೊ ಮೊದಲು ತೆಗೆದಿಟ್ಟುಕೊಳ್ಳಬೇಕು, ಏಕೆಂದರೆ ಟ್ಯೂಬು ಹಿಂದಿರುಗಿದ ಮೇಲೆ ಕೈಯಲ್ಲಿ ಉಳಿಯುವ ಸಾಕ್ಷ್ಯ ಅದೊಂದೇ.

ಹಿಂದಿರುಗಿಸಲು ಕಾರಣ ಕೇಳುವಲ್ಲಿ, ಬೇಗ ಮುಗಿಯಲಿ ಎಂದು ‘ಬೇಡವಾಯಿತು’ ಎಂಬುದನ್ನು ಒತ್ತುವವರು ಬಹಳ. ಹಾಗೆ ಮಾಡಿದರೆ ಹಣ ಬರಬಹುದು, ಆದರೆ ಟ್ಯೂಬು ಒಳ್ಳೆಯ ಸರಕೆಂಬ ಲೆಕ್ಕದಲ್ಲಿ ಹಿಂದಿರುಗಿ ಇನ್ನೊಬ್ಬರ ಮನೆಗೆ ಹೋಗುವ ಸಾಧ್ಯತೆ ಇದೆ, ಮಾರಾಟಗಾರನ ದಾಖಲೆಯೂ ಸ್ವಚ್ಛವಾಗಿ ಉಳಿಯುತ್ತದೆ. ಸರಕು ನಕಲಿ ಎಂಬ ಕಾರಣವನ್ನೇ ಆರಿಸಿ, ಎರಡು ದಿನಾಂಕಗಳ ಫೋಟೊವನ್ನೂ ಬ್ರ್ಯಾಂಡಿನ ಉತ್ತರವನ್ನೂ ಜೊತೆಗಿಡಬೇಕು. ಟ್ರೇಡ್‌ಮಾರ್ಕ್ ಕಾಯ್ದೆಯಡಿ ಸರಕು ತೆಗೆದುಹಾಕಿಸಿಕೊಂಡು ಮತ್ತೆ ಮತ್ತೆ ಅಂಥದ್ದನ್ನೇ ಮಾರುವ ಮಾರಾಟಗಾರರ ದಾಖಲೆ ಇಡಲು ತಾಣವು ಪ್ರಯತ್ನಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳೇ ಹೇಳುತ್ತವೆ. ದೂರು ಸರಿಯಾದ ಹೆಸರಿನಲ್ಲಿ ದಾಖಲಾದರೆ ಮಾತ್ರ ಅದು ಸಾಧ್ಯ. ಅದೇ ನಿಯಮಗಳಂತೆ ತಾಣದ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಲಿಖಿತವಾಗಿ ಕೇಳಿದರೆ ಮಾರಾಟಗಾರನ ವಿಳಾಸ ಸೇರಿದಂತೆ ಅವನ ವಿವರಗಳನ್ನು ಕೊಡಬೇಕು. ಅಲ್ಲಿ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಟ್ಯೂಬನ್ನು ಹಿಂದಿರುಗಿಸದೆ ಉಳಿಸಿಕೊಂಡವರಿಗೆ ಇನ್ನೊಂದು ದಾರಿಯೂ ಇದೆ. ತಾನು ಕೊಂಡ ಪ್ರಸಾಧನ ಸಾಮಗ್ರಿಯನ್ನು ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಅವರು ಸಹಿ ಮಾಡಿದ ವರದಿ ಪಡೆಯುವ ಹಕ್ಕನ್ನು ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆಯ 26ನೇ ಕಲಮು ಯಾವುದೇ ವ್ಯಕ್ತಿಗೂ, ಮಾನ್ಯತೆ ಪಡೆದ ಗ್ರಾಹಕ ಸಂಘಕ್ಕೂ ಕೊಟ್ಟಿದೆ. 279 ರೂಪಾಯಿಯ ಒಂದು ಟ್ಯೂಬಿಗಾಗಿ ಒಬ್ಬರೇ ಇಷ್ಟು ಓಡಾಡುವುದು ಕಷ್ಟ. ಆದರೆ ಒಂದೇ ಮಾರಾಟಗಾರನಿಂದ ತರಿಸಿ ಹಲವರ ಚರ್ಮ ಉರಿದಿದ್ದರೆ, ತೆರೆಯದ ಒಂದು ಟ್ಯೂಬನ್ನು ಬಿಲ್ಲಿನ ಸಮೇತ ಎತ್ತಿಟ್ಟು, ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬ್ಯಾಚ್ ಸಂಖ್ಯೆಯೊಂದಿಗೆ ಲಿಖಿತ ದೂರು ಕೊಡಬಹುದು. ನಕಲಿ ಸಾಮಗ್ರಿಯನ್ನು ತಯಾರಿಸಿದವರಿಗೂ ಮಾರಿದವರಿಗೂ ಅದೇ ಕಾಯ್ದೆಯ 27ಎ ಕಲಮಿನಡಿ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ, ಕನಿಷ್ಠ 50,000 ರೂಪಾಯಿ ಅಥವಾ ಮುಟ್ಟುಗೋಲು ಹಾಕಿಕೊಂಡ ಸರಕಿನ ಬೆಲೆಯ ಮೂರು ಪಟ್ಟು, ಇವುಗಳಲ್ಲಿ ಹೆಚ್ಚಿನದನ್ನು ದಂಡವಾಗಿಯೂ ವಿಧಿಸಬಹುದು.